ಪೆಟಗಿ ಮಾಸ್ತರರ ಖಟ್ಲೆ

ಗುರುಲಿಂಗಪ್ಪ ಬಾದವಾಡಗಿಯವರನ್ನು ಪೂರ್ತಿ ಹೆಸರಿನಿಂದ ಕರೆದವರು ಬಹಳ ಕಡಿಮೆ. ನಾಟಕ ಕಂಪನಿಯವರಿಗೆ, ಕಂಪನಿ ಠಿಕಾಣಿ ಹೂಡಿದ ಊರುಗಳ ಚಹಾದಂಗಡಿಯವರಿಗೆ, ಕಡೆಗೆ ಕೋರ್ಟಿನ ಜವಾನನಿಗೂ ಅವರು ಪೆಟಗಿ ಮಾಸ್ತರು. ಪೆಟಗಿ ಎಂದರೆ ಕಾಲುಹಾರ್ಮೋನಿಯಂ. ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಯಿಂದ ನುಡಿಸುವಂಥದ್ದು. ನೇಕಾರರ ಮನೆಯಲ್ಲಿ ಹುಟ್ಟಿದವರು. ಹದಿನಾರನೆಯ ವಯಸ್ಸಿಗೆ ಮಗ್ಗದ ಗುಂಡಿಯಿಂದ ಎದ್ದು, ಊರಿಗೆ ಬಂದಿದ್ದ ರಾಚೋಟೆಪ್ಪನವರ ಕಂಪನಿಯ ಲಾರಿ ಹತ್ತಿದವರು ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ. ಮೊದಲು ಪರದೆ ಎಳೆದರು, ಆಮೇಲೆ ತಾಳ ಹಾಕಿದರು. ಹಳೆಯ ಮಾಸ್ತರರು ಕಣ್ಣು ಕಾಣದಾದ ಮೇಲೆ ಪೆಟಗಿಯ ಹಿಂದೆ ಕೂತರು. ನಾಯಕಿಯ ಪಾತ್ರ ಮಾಡುತ್ತಿದ್ದ ಕಸ್ತೂರೆವ್ವನನ್ನು ಮದುವೆಯಾದರು. ಆಕೆಗೆ ಶ್ರುತಿ ತುಸು ಜಾರುತ್ತಿತ್ತು. ಆಕೆ ಜಾರಿದಾಗಲೆಲ್ಲ ಮಾಸ್ತರರ ಪೆಟಗಿ ಮೆಲ್ಲಗೆ ಜೊತೆ ಸೇರಿ ಎತ್ತಿ ನಿಲ್ಲಿಸುತ್ತಿತ್ತು. ಪ್ರೇಕ್ಷಕರಿಗೆ ಗೊತ್ತಾಗುತ್ತಿರಲಿಲ್ಲ, ಆಕೆಗೆ ಗೊತ್ತಾಗುತ್ತಿತ್ತು. ಮದುವೆ ಆದದ್ದೂ ಅದರಿಂದಲೇ ಎಂದು ಕಂಪನಿಯಲ್ಲಿ ನಗೆಮಾತು.

ಕಂಪನಿ ಹೊಸಗೇರಿಯಲ್ಲಿ ತಂಬು ಹೊಡೆದಿದ್ದ ಒಂದು ಮಾಘ ಮಾಸದಲ್ಲಿ ಬೆಳ್ಳಿ ಕಿರೀಟ ಕಾಣೆಯಾಯಿತು. ಪೌರಾಣಿಕ ನಾಟಕಕ್ಕೆಂದು ಊರಿನ ಸಾಹುಕಾರರು ತಮ್ಮ ಮನೆಯ ಹಳೆಯ ಕಿರೀಟವನ್ನು ಅಭಿಮಾನದಿಂದ ಕೊಟ್ಟಿದ್ದರು. ಒಡವೆ, ಪೋಷಾಕುಗಳ ಟ್ರಂಕಿನ ಚಾವಿ ಮಾಸ್ತರರ ಹತ್ತಿರ ಇರುತ್ತಿತ್ತು, ಏಕೆಂದರೆ ಕಂಪನಿಯಲ್ಲಿ ಕುಡಿಯದ ಗಂಡಸು ಅವರೊಬ್ಬರೇ. ಸಾಹುಕಾರರು ಠಾಣೆಗೆ ಹೋಗಿ ಕಳವಿನ ದೂರು ಬರೆಸಿದರು. ಕೇಸು ದಾಖಲಾಯಿತು. ಮರುದಿನ ಬೆಳಿಗ್ಗೆ ಪೊಲೀಸರು ಬಂದು, ಸಾಹೇಬರು ಕರೀತಾರ, ಒಂದೀಟು ವಿಚಾರಣೆ ಐತಿ ಎಂದು ಮಾಸ್ತರರನ್ನು ಕರೆದುಕೊಂಡು ಹೋದರು.

ಠಾಣೆಯ ಪಿಎಸ್‌ಐ ದಳವಾಯಿ ಎಂಬ ಹರೆಯದ ಅಧಿಕಾರಿ. ಮೊದಲು ಕೂರಿಸಿ ಚಹಾ ಕೊಡಿಸಿದ. ಕಂಪನಿಯಲ್ಲಿ ಎಷ್ಟು ಮಂದಿ, ಯಾರು ಕುಡಿಯುತ್ತಾರೆ, ಯಾರಿಗೆ ಜೂಜಿನ ಚಟ ಎಂದೆಲ್ಲ ಕೇಳಿದ. ಮಾಸ್ತರರು ಗೊತ್ತಿದ್ದುದನ್ನು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಅವನ ಸಹನೆ ಮುಗಿದಿತ್ತು.

"ಯಾವ ಕೈಲೆ ಬಾರಸ್ತೀಯೋ ಮಾಸ್ತರ?" ಎಂದು ಕೇಳಿದ.

ಮಾಸ್ತರರಿಗೆ ಒಂದು ಕ್ಷಣ ಸಮಾಧಾನವಾಯಿತು. ಸಾಹೇಬರು ಕಲಾವಿದನೆಂದು ಗುರುತು ಹಿಡಿದರು, ಇನ್ನು ಬಿಟ್ಟುಕಳಿಸುತ್ತಾರೆ ಎಂದುಕೊಂಡರು. "ಎರಡೂ ಕೈಲೇರಿ ಸಾಹೇಬರ. ಆದ್ರ ಹಾಡಿನ ಚಾಲು, ಅಂದ್ರ ಧಾಟಿ, ಬಲಗೈಯಾಗ ಇರತೈತ್ರಿ" ಎಂದು ಬಲಗೈಯನ್ನು ಮೇಜಿನ ಮೇಲೆ ಚಾಚಿ ತೋರಿಸಿದರು.

ಲಾಠಿ ಬಿದ್ದದ್ದು ಆ ಕೈಯ ಮೇಲೆ. ಒಂದಲ್ಲ.

ಬಿಡುವಷ್ಟರಲ್ಲಿ ಎರಡು ರಾತ್ರಿ ಕಳೆದಿತ್ತು. ಕಿರೀಟ ಆ ವಾರದಲ್ಲೇ ಸಿಕ್ಕಿತು. ಹಳೆಯ ಪರದೆಗಳನ್ನು ಹಿಂದಿನ ಊರಿಗೆ ಹೊತ್ತು ಹೋಗಿದ್ದ ಲಾರಿಯಲ್ಲಿ, ರಾಜನ ಪಾತ್ರಧಾರಿಯ ಪೋಷಾಕಿನ ಗಂಟಿನೊಳಗೆ, ಬಟ್ಟೆ ಸುತ್ತಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಸಾಹುಕಾರರು ಬಂದು ಮಾಸ್ತರರ ಕಾಲು ಮುಟ್ಟುವಷ್ಟು ನೊಂದುಕೊಂಡರು. ಕಳವಿನ ಕೇಸು ಮುಚ್ಚಿಹೋಯಿತು. ಸರ್ಕಾರಿ ದವಾಖಾನೆಯ ಡಾಕ್ಟರು ಮಾತ್ರ ಗಟ್ಟಿ ಮನುಷ್ಯ. ಬಲಗೈಯ ಮೂರು ಬೆರಳುಗಳ ಎಲುಬು ಮುರಿದಿದೆ, ಮೊಂಡು ವಸ್ತುವಿನ ಹೊಡೆತ ಎಂದು ಕಂಡದ್ದನ್ನು ಕಂಡಂತೆ ಬರೆದುಕೊಟ್ಟರು. ಪಟ್ಟಿ ಬಿಚ್ಚಿದಾಗ ನಡುವಿನ ಬೆರಳು ಮಡಚುತ್ತಿರಲಿಲ್ಲ. ಅದರ ಪಕ್ಕದ್ದು ಮಡಚಿದರೆ ನೆಟ್ಟಗಾಗುತ್ತಿರಲಿಲ್ಲ.

ಮಾಸ್ತರರು ಸುಮ್ಮನಿರುತ್ತಿದ್ದರೇನೋ. ಕಸ್ತೂರೆವ್ವ ಬಿಡಲಿಲ್ಲ. "ಕಳವು ಮಾಡಿದ್ರ ನಿಮ್ಮನ್ನ ಜೇಲಿಗೆ ಹಾಕತಿದ್ರು. ಕೈ ಮುರದಾವ ಸಂಜಿಕ ಬುಲೆಟ್ ಗಾಡಿ ಮ್ಯಾಲೆ ತಿರಗತಾನ. ಇದೆಲ್ಲಿ ನ್ಯಾಯ?" ಎಂದು ಗಂಡನನ್ನು ಎಬ್ಬಿಸಿಕೊಂಡು ವಕೀಲ ದಾದಾಪೀರ ನದಾಫರ ಮನೆಗೆ ಹೋದಳು. ನದಾಫರು ಆಕೆಯ ಪಾತ್ರಗಳನ್ನು ಚಿಕ್ಕಂದಿನಿಂದ ನೋಡಿದವರು. ಫೀಸಿನ ಮಾತೇ ಎತ್ತಲಿಲ್ಲ.

ಪೊಲೀಸರ ಮೇಲೆ ಪೊಲೀಸರಿಗೇ ದೂರು ಕೊಟ್ಟು ನೋಡಿದರು. ಬರೆದುಕೊಳ್ಳಲಿಲ್ಲ. ಮಳೆಗಾಲ ಹಿಡಿಯುವ ಮೊದಲೇ ನದಾಫರು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದಿ ಹಾಕಿದರು. ಮಾಸ್ತರರು ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿ ನಡೆದದ್ದನ್ನು ಹೇಳಿದರು. ಡಾಕ್ಟರೂ ಬಂದು ಹೇಳಿದರು. ಮ್ಯಾಜಿಸ್ಟ್ರೇಟರು ಹರೆಯದ ಹೆಣ್ಣುಮಗಳು. ಬೆರಳು ಮುರಿಯುವುದು ಯಾವ ಪೊಲೀಸನ ಕರ್ತವ್ಯವೂ ಅಲ್ಲ ಎಂದು ಬರೆದು ದಳವಾಯಿಗೆ ಸಮನ್ಸು ಕಳಿಸಿದರು. ಆ ದಿನ ಕೋರ್ಟಿನ ಎದುರಿನ ಖಾನಾವಳಿಯಲ್ಲಿ ನದಾಫರು ಎಲ್ಲರಿಗೂ ಮಿರ್ಚಿ ಭಜಿ ತರಿಸಿದರು. ಮಾಸ್ತರರು ಎಡಗೈಯಲ್ಲಿ ತಿಂದರು.

ದಸರೆಗೆ ಮೊದಲೇ ದಳವಾಯಿ ಹೈಕೋರ್ಟಿಗೆ ಹೋದ. ಖಟ್ಲೆಗೆ ತಡೆ ಬಿತ್ತು.

ಅಲ್ಲಿ ಅವನ ವಕೀಲರ ವಾದ ಒಂದೇ. ನನ್ನ ಕಕ್ಷಿದಾರ ಹೊಡೆದಿಲ್ಲ ಎಂದು ಅವರು ಹೇಳಲೇ ಇಲ್ಲ. ಹೊಡೆದಿದ್ದಾನೆಂದೇ ಇಟ್ಟುಕೊಳ್ಳಿ, ಆದರೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಈ ಖಟ್ಲೆಯನ್ನು ಕೋರ್ಟು ಕೈಗೆತ್ತಿಕೊಳ್ಳುವಂತಿರಲಿಲ್ಲ ಎಂದರು. ವಾಯಿದೆಯ ಮೇಲೆ ವಾಯಿದೆ ಬಿದ್ದು ಮರುವರ್ಷದ ದೀಪಾವಳಿಯೂ ದಾಟಿತು. ಆಮೇಲೆ ತೀರ್ಪು ಬಂತು. ಮ್ಯಾಜಿಸ್ಟ್ರೇಟರ ಆದೇಶ ರದ್ದಾಗಿತ್ತು.

ನದಾಫರು ತೀರ್ಪಿನ ಪ್ರತಿ ಹಿಡಿದು, ಕಂಪನಿಯ ಕ್ಯಾಂಪಿನಲ್ಲಿದ್ದ ಮಾಸ್ತರರ ಬಿಡಾರಕ್ಕೇ ಬಂದರು. ಕಸ್ತೂರೆವ್ವ ಚಾಪೆ ಹಾಸಿದಳು.

"ಹೊಡದಿಲ್ಲ ಅಂತ ಹೇಳ್ಯಾರೇನ್ರಿ ವಕೀಲರ?" ಎಂದು ಮಾಸ್ತರರು ಕೇಳಿದರು.

"ಅದರ ತಂಟೆಕ್ಕ ಅವರು ಹೋಗೇ ಇಲ್ಲ ಮಾಸ್ತರ. ಹೊಡೆದ್ನೋ ಇಲ್ಲೋ ಅನ್ನೋದು ಖಟ್ಲೆ ನಡದ ಮ್ಯಾಲಿನ ಮಾತು. ಖಟ್ಲೆ ನಡಸಾಕ ಬಾಗಲಾ ತೆಗೀಬೇಕಲ್ಲ, ಆ ಬಾಗಲಕ್ಕ ಸರ್ಕಾರದ ಅನುಮತಿ ಬೇಕು ಅಂದಾರ."

"ಬೆರಳು ಮುರಿಯೂದು ಡೂಟಿ ಅಲ್ಲ ಅಂತ ಆ ಮೇಡಂ ಬರದಿದ್ರಲ್ಲರಿ?"

"ಬರದಿದ್ರು. ನಾನೂ ಅದನ್ನ ನಂಬಿಕೊಂಡು ಹೋದೆ." ನದಾಫರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ನಮ್ಮ ರಾಜ್ಯದ ಪೊಲೀಸ್ ಕಾಯ್ದೆದಾಗ ಒಂದು ಮಾತೈತಿ. ಡೂಟಿ ಮಾಡಿದ್ದಕ್ಕಷ್ಟ ಅಲ್ಲ, ಡೂಟಿ ಮಾಡೋವಾಗ ಮಿತಿ ದಾಟಿದ್ದಕ್ಕೂ ಅನುಮತಿ ಬೇಕು. ಕಳವಿನ ಕೇಸು ದಾಖಲಾಗಿತ್ತು, ವಿಚಾರಣೆಗೆ ಕರಸಿದ್ದ. ಅಲ್ಲಿಗೆ ಡೂಟಿ ಆತು. ಹೊಡೆದದ್ದು ಮಿತಿ ದಾಟಿದ್ದು. ಎರಡಕ್ಕೂ ಸಂಬಂಧ ಐತಿ ಅಂದಾರ. ದಾರ್‍ಯಾಗ ಹೋಗೋವಾಗ ತನ್ನ ಸ್ವಂತ ಹಗೆಗೆ ಹೊಡದಿದ್ರ ಬ್ಯಾರೆ ಮಾತಾಗ್ತಿತ್ತು."

ಕಸ್ತೂರೆವ್ವ, "ಅಂದ್ರ ಠಾಣೆಯೊಳಗ ಕೂಡಿಸಿ ಹೊಡದಿದ್ದಕ್ಕ ಅವಗ ರಕ್ಷಣೆ ಐತಿ, ಬಜಾರದಾಗ ಹೊಡದಿದ್ರ ಇರತಿರಲಿಲ್ಲ ಅಂತೀರಿ" ಎಂದಳು.

"ಹಂಗಽ ಅಂತ ಬರದಿಲ್ಲವ್ವಾ. ಆದ್ರ ಅರ್ಥ ಅದಽ."

"ಮತ್ತ ಆ ಅನುಮತಿ ಮೊದಲಽ ಕೇಳಿದ್ರ ಆಗ್ತಿರಲಿಲ್ಲೇನ್ರಿ?" ಎಂದು ಆಕೆಯೇ ಕೇಳಿದಳು.

"ಮೊದಲಽ ಕೇಳಿದ್ರ, ಇದು ಡೂಟಿಗೆ ಸಂಬಂಧಪಟ್ಟ ಕೆಲಸ ಅಂತ ನಾವಽ ಒಪ್ಪಿಕೊಂಡಂಗ ಆಗ್ತಿತ್ತು. ತಪ್ಪು ನಂದಂತೀಯೇನು, ಅನ್ನು." ನದಾಫರು ತೀರ್ಪಿನ ಪ್ರತಿಯನ್ನು ಚಾಪೆಯ ಮೇಲಿಟ್ಟರು. "ಕಾಯ್ದೆ ಯಾಕ ಮಾಡ್ಯಾರ ಅಂದ್ರ, ಕಳ್ಳರು ಸುಳ್ಳರೆಲ್ಲ ಪೊಲೀಸರ ಮ್ಯಾಲೆ ಕೇಸು ಹಾಕ್ಕೋತ ಹೋದ್ರ ಅವರು ಕೆಲಸ ಮಾಡೂದಾದ್ರೂ ಹೆಂಗ ಅಂತ. ಅದೂ ಸುಳ್ಳಲ್ಲ. ನನ್ನ ಕಕ್ಷಿದಾರರೊಳಗನಽ ಅಂಥಾವ್ರು ಅದಾರ. ಆದ್ರ ಜರಡಿ ಹಿಡದಾವ್ರು ಯಾರು ಅನ್ನೋದು ಪ್ರಶ್ನೆ."

ಆಮೇಲೆ ನಿಜವಾದ ಸಂಗತಿಯನ್ನು ಹೇಳಿದರು. ಘಟನೆ ನಡೆದು ಎರಡು ವರ್ಷದೊಳಗೆ, ಅನುಮತಿಯ ಸಮೇತ, ಖಟ್ಲೆ ಹೊಸದಾಗಿ ಹಾಕಬೇಕು. ಅದೂ ಪೊಲೀಸ್ ಕಾಯ್ದೆಯ ಅದೇ ಕಲಮಿನಲ್ಲಿದೆ. ಹೈಕೋರ್ಟಿನಲ್ಲಿ ಕಳೆದ ಕಾಲವೆಲ್ಲ ಆ ಎರಡು ವರ್ಷದಿಂದಲೇ ಹೋಗಿತ್ತು. ಇನ್ನುಳಿದದ್ದು ಮೂರು ತಿಂಗಳಿಗೂ ಕಡಿಮೆ.

ಅರ್ಜಿ ಬೆಂಗಳೂರಿಗೆ ಹೋಯಿತು. ಡಾಕ್ಟರರ ಪ್ರಮಾಣಪತ್ರ, ಮಾಸ್ತರರ ಪ್ರಮಾಣದ ಹೇಳಿಕೆ, ತೀರ್ಪಿನ ಪ್ರತಿ ಎಲ್ಲ ಸೇರಿಸಿ ನದಾಫರು ಕಳಿಸಿದರು. ಸಂಕ್ರಾಂತಿ ಹೊತ್ತಿಗೆ ತಾವೇ ಒಮ್ಮೆ ಮಾಸ್ತರರನ್ನು ಕರೆದುಕೊಂಡು ಹೋದರು. ಗೃಹ ಇಲಾಖೆಯ ಒಬ್ಬ ವಿಷಯ ನಿರ್ವಾಹಕ, ಕುತ್ತಿಗೆಗೆ ಮಫ್ಲರ್ ಸುತ್ತಿದ ಸಾಧು ಮನುಷ್ಯ, ಇಬ್ಬರನ್ನೂ ಕುರ್ಚಿ ಕೊಟ್ಟು ಕೂರಿಸಿದ.

"ನಿಮ್ ಕಡತ ಇಲ್ಲಿಲ್ಲ ಸಾರ್. ವರದಿಗೆ ಹೋಗಿದೆ" ಎಂದ.

"ಯಾರ ಹತ್ರ?"

"ಪೊಲೀಸ್ ಹೆಡ್ ಆಫೀಸ್‌ಗೆ. ಅವ್ರು ವಲಯಕ್ಕೆ, ವಲಯದವ್ರು ಎಸ್ಪಿಗೆ, ಎಸ್ಪಿ ಡಿವೈಎಸ್ಪಿಗೆ ಕಳಿಸ್ತಾರೆ. ಅಲ್ಲಿಂದ ಸಂಬಂಧಪಟ್ಟ ಠಾಣೆಗೆ. ಘಟನೆ ಏನಾಯ್ತು ಅಂತ ತಿಳ್ಕೊಳ್ದೆ ಸರ್ಕಾರ ತೀರ್ಮಾನ ತಗೊಳ್ಳೋಕಾಗಲ್ವಲ್ಲ ಸಾರ್."

"ಮೂರ ವಾರದಾಗ ಎರಡ ವರ್ಷ ಮುಗೀತಾವರಿ" ಎಂದರು ನದಾಫರು. "ಮುಗದ ಮ್ಯಾಲೆ ನೀವು ಅನುಮತಿ ಕೊಟ್ರೂ ಕೋರ್ಟು ತಗೊಳ್ಳೂದಿಲ್ಲ."

ಆತ ನಿಜಕ್ಕೂ ಮರುಗಿದ. "ತುರ್ತು ಅಂತ ಒಂದು ಟಿಪ್ಪಣಿ ಹಾಕ್ತೀನಿ ಸಾರ್. ನನ್ ಕೈಲಿರೋದು ಅಷ್ಟೇ. ನಾನು ಮೇಲಕ್ಕೆ ಮಂಡಿಸೋನು, ತೀರ್ಮಾನ ಮಾಡೋನಲ್ಲ." ಹೊರಡುವಾಗ ಮಾಸ್ತರರ ಕೈಯನ್ನು ನೋಡಿ, "ಇದೇನಾ ಸಾರ್" ಎಂದು ಕೇಳಿದ. ಮಾಸ್ತರರು ಹೌದೆಂದರು. ಕೈಯನ್ನು ಕೇಳಿ ನೋಡಿದ ಸರ್ಕಾರದ ಮನುಷ್ಯ ಅವನೊಬ್ಬನೇ. ಅವನಿಗೆ ಅಧಿಕಾರವಿರಲಿಲ್ಲ.

ಎರಡು ವರ್ಷ ತುಂಬಿದ ದಿನ ಕಂಪನಿಯಲ್ಲಿ ಹಾಸ್ಯನಾಟಕವಿತ್ತು. ಹೌಸ್‌ಫುಲ್. ಮಾಸ್ತರರು ಆಗಲೇ ಎಡಗೈಯನ್ನು ಚಾಲಿಗೆ ಪಳಗಿಸಿಕೊಂಡಿದ್ದರು. ಕಾಲಿನಿಂದ ತಿದಿ ಒತ್ತುವ ಪೆಟಗಿ ಆದ್ದರಿಂದ ಹೇಗೋ ನಡೆಯುತ್ತಿತ್ತು. ಆದರೆ ಹಳೆಯ ತಾನುಗಳು ಬರುತ್ತಿರಲಿಲ್ಲ. ನಟರು ಅವರಿಗಾಗಿ ಹಾಡಿನ ವೇಗ ಇಳಿಸಿದ್ದರು. ಅದು ಅವರಿಗೆ ಗೊತ್ತಾಗುತ್ತಿತ್ತು. ಈಗ ಕಸ್ತೂರೆವ್ವನ ದನಿ ಜಾರಿದರೆ ಹಾಗೇ ಜಾರುತ್ತಿತ್ತು.

ಯುಗಾದಿಯ ನಂತರ ಠಾಣೆಯಿಂದ ಕರೆ ಬಂತು. ಅನುಮತಿಯ ಅರ್ಜಿಯ ಬಗ್ಗೆ ವರದಿ ಕೊಡಬೇಕಾಗಿದೆ, ಫಿರ್ಯಾದಿದಾರರು ಬಂದು ಹೇಳಿಕೆ ಕೊಡಬೇಕು ಎಂದು. ಅದೇ ಠಾಣೆ. ದಳವಾಯಿಗೆ ಬೇರೆಡೆ ವರ್ಗವಾಗಿತ್ತು. ಆದರೆ ಉಳಿದ ಸಿಬ್ಬಂದಿಯಲ್ಲಿ ಅರ್ಧ ಮಂದಿ ಆಗಿನವರೇ. ಮಾಸ್ತರರು ಬಾಗಿಲಲ್ಲಿ ನಿಂತರು. ಮೇಜು ಅಲ್ಲೇ ಇತ್ತು. ಹಿಂದೆ ಕಸ್ತೂರೆವ್ವ, "ನಡೀರಿ, ನಾ ಅದೀನಿ" ಎಂದಳು.

ವಯಸ್ಸಾದ ಎಎಸ್‌ಐ ಬರೆದುಕೊಂಡರು. ಅಂದು ಠಾಣೆಯಲ್ಲಿ ಇದ್ದವರೇ ಅವರು. ಮಾಸ್ತರರಿಗೆ ನೆನಪಿತ್ತು, ಆಮೇಲೆ ನೀರು ಕುಡಿಸಿದ ಕೈ ಅದು.

"ಹೊಡದ್ರು ಅಂತ ಬರೀಲೇನ್ರಿ ಮಾಸ್ತರ?" ಎಂದರು ತಲೆ ಎತ್ತದೆ.

"ನೀವೂ ಇಲ್ಲೇ ಇದ್ದಿರಲ್ರಿ ಯಜಮಾನ್ರ."

"ನಾ ಇದ್ದದ್ದು ನಿಮ್ಮ ಹೇಳಿಕಿಯಾಗ ಬರೂದಿಲ್ರಿ. ನಿಮ್ಮ ಹೇಳಿಕಿ ನೀವು ಹೇಳ್ರಿ."

"ನಿಮ್ಮ ಹೇಳಿಕಿ ಯಾರು ತಗೋತಾರ್ರಿ?"

ಎಎಸ್‌ಐ ಬರೆಯುತ್ತಲೇ, ಬಹಳ ಮೆಲ್ಲಗೆ, "ಇನ್ನ ಒಂದೂವರಿ ವರ್ಷಕ್ಕ ನನ್ನ ನಿವೃತ್ತಿ ಐತ್ರಿ" ಎಂದರು. ಮಾಸ್ತರರು ಎಡಗೈಯಲ್ಲಿ ಸಹಿ ಮಾಡಿ ಬಂದರು. ದಾರಿಯಲ್ಲಿ ಕಸ್ತೂರೆವ್ವ ಬೈದಳು, "ಅವಗ ಚೆಂದಂಗ ನಾಕ ಮಾತು ಆಡಬೇಕಿತ್ತು." ಮಾಸ್ತರರು, "ಆಡಿ ಏನ್ ಮಾಡೂದು, ಅಂವ ಅಂಜ್ಯಾನ" ಎಂದರು.

ಸರ್ಕಾರದ ಆದೇಶ ಮಳೆಗಾಲ ಕಳೆದ ಮೇಲೆ ಬಂತು. ಅರ್ಧ ಪುಟ. ಅಧಿಕಾರಿಯು ದಾಖಲಾದ ಅಪರಾಧದ ತನಿಖೆಯ ಕರ್ತವ್ಯದಲ್ಲಿದ್ದು, ಆರೋಪಕ್ಕೆ ಸ್ವತಂತ್ರ ಸಾಕ್ಷ್ಯ ಕಂಡುಬಾರದ ಕಾರಣ, ಅಭಿಯೋಜನೆಗೆ ಅನುಮತಿ ನಿರಾಕರಿಸಲಾಗಿದೆ. ಡಾಕ್ಟರರ ಪ್ರಮಾಣಪತ್ರದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ನದಾಫರು ಕೆರಳಿದರು. "ಇದನ್ನ ರಿಟ್ ಹಾಕಿ ಹರದ ಹಾಕ್ತೀನಿ ಮಾಸ್ತರ. ದಾಖಲೆ ನೋಡದಽ ಬರದಾರ. ನಿಲ್ಲೂದಿಲ್ಲ."

"ಗೆದ್ರ ಏನಾಕ್ಕೇತ್ರಿ?"

"ಗೆದ್ರ..." ನದಾಫರು ತಡೆದರು. "ಮತ್ತೊಮ್ಮೆ ಸರಿಯಾಗಿ ನೋಡಿ ತೀರ್ಮಾನ ಮಾಡ್ರಿ ಅಂತ ಕೋರ್ಟು ಸರ್ಕಾರಕ್ಕ ಹೇಳತೈತಿ. ಅನುಮತಿ ಕೊಡ್ರಿ ಅಂತ ಸಾಮಾನ್ಯವಾಗಿ ಹೇಳೂದಿಲ್ಲ."

"ಅವರು ಮತ್ತ ವರದಿ ಕೇಳತಾರೇನ್ರಿ?"

"ಕೇಳಬಹುದು."

"ಅದಽ ಠಾಣೆಗೆ?"

ನದಾಫರು ಆದೇಶದ ಹಾಳೆಯನ್ನು ಮಡಚಿ ಕೆಳಗಿಟ್ಟರು.

"ಆಮ್ಯಾಲೆ ಕೊಟ್ರೂ ಎರಡ ವರ್ಷ ಮುಗದಾವಲ್ರಿ."

"ಅದನ್ನೂ ವಾದ ಮಾಡಬಹುದು. ಸರ್ಕಾರದ ತಡಕ್ಕ ನಾವ್ಯಾಕ ಹೊಣಿ ಅಂತ." ಆದರೆ ಅವರ ದನಿಯಲ್ಲಿ ಬಲವಿರಲಿಲ್ಲ. ಕಸ್ತೂರೆವ್ವ ರಿಟ್ ಹಾಕೋಣವೆಂದಳು. ಮಾಸ್ತರರು ತಲೆ ಅಲ್ಲಾಡಿಸಿದರು. "ಆ ಬಾಗಲದಾಗ ಮತ್ತ ನನಗ ನಿಂದ್ರಾಕ ಆಗೂದಿಲ್ಲ ಕಸ್ತೂರಿ." ಮದುವೆಯಾದಂದಿನಿಂದ ಹೆಂಡತಿಯ ಮಾತಿಗೆ ಅವರು ಅಡ್ಡ ಬಂದದ್ದು ಅಪರೂಪ. ಆಕೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು, ಅಡುಗೆಗೇನೂ ಇಡಲಿಲ್ಲ.

ಇದಾಗಿ ಐದಾರು ವರ್ಷ ಕಳೆದ ಮೇಲೆ ಕಂಪನಿ ಇನ್ನೊಂದು ತಾಲ್ಲೂಕಿನ ಊರಲ್ಲಿ ತಂಬು ಹೊಡೆಯಿತು. ನಾಟಕಕ್ಕೆ ಪೊಲೀಸರ ಪರವಾನಗಿ ಬೇಕು. ಪರವಾನಗಿ ಕೊಡುವ ಸರ್ಕಲ್ ಸಾಹೇಬರನ್ನೇ ಉದ್ಘಾಟನೆಗೆ ಕರೆಯುವುದು ಮಾಲಕ ರಾಚೋಟೆಪ್ಪನವರ ಹಳೆಯ ರೂಢಿ. ಆ ಸಾಹೇಬರು ಯಾರೆಂದು ಅವರಿಗೆ ತಿಳಿದದ್ದು ಕರಪತ್ರ ಅಚ್ಚಾದ ಮೇಲೆ. ಮಧ್ಯಾಹ್ನವೇ ಮಾಸ್ತರರ ಬಿಡಾರಕ್ಕೆ ಬಂದು ಕೂತರು.

"ಗುರುಲಿಂಗಾ, ಇವತ್ತ ನೀ ಬರಬ್ಯಾಡ. ಹುಡುಗರು ಯಾರರೆ ಬಾರಸ್ತಾರ."

"ನಾಂದಿಗೆ ಪೆಟಗಿ ಬ್ಯಾಡೇನ್ರಿ ಧಣ್ಯಾರ? ಹುಡುಗರಿಗೆ ನಾಂದಿ ಬರೂದಿಲ್ಲ."

"ಐವತ್ತು ಮಂದಿ ಊಟ ಈ ಕ್ಯಾಂಪಿನ ಮ್ಯಾಲೆ ಐತೋ."

"ನಾ ಏನೂ ಮಾಡೂದಿಲ್ರಿ" ಎಂದರು ಮಾಸ್ತರರು. ಹಾಗೆಂದಾಗ ಅವರಿಗೇ ತಾವು ಏನೂ ಮಾಡಲಾರೆವೆಂಬುದು ಇನ್ನಷ್ಟು ಸ್ಪಷ್ಟವಾಯಿತು.

ದಳವಾಯಿ ದಪ್ಪಗಾಗಿದ್ದ. ದೀಪ ಹಚ್ಚಿದ. ನಾಂದಿ ಮುಗಿದ ಮೇಲೆ ಹಿರಿಯ ಕಲಾವಿದರಿಗೆ ಸನ್ಮಾನ. ಮೊದಲ ಹೆಸರೇ ಮಾಸ್ತರರದು. ಪಟ್ಟಿ ಮಾಡಿದವನಿಗೆ ಹಳೆಯದು ಗೊತ್ತಿರಲಿಲ್ಲ. ಮೈಕಿನಲ್ಲಿ ಕರೆದಾಗಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಮಾಸ್ತರರು ಎದ್ದು ಹೋದರು. ದಳವಾಯಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುವಾಗ ಅವರು ಎಡಗೈ ಮುಂದೆ ಮಾಡಿದ್ದನ್ನು ಗಮನಿಸಿದ.

"ಬಲಗೈಗೆ ಏನಾಗೇತ್ರಿ ಮಾಸ್ತರ?" ಎಂದು ಸಹಜವಾಗಿ ಕೇಳಿದ.

"ಹೊಸಗೇರಿ ಠಾಣೆದಾಗ ಆಗಿದ್ದುರಿ" ಎಂದರು ಮಾಸ್ತರರು. ಮೈಕು ದೂರವಿತ್ತು. ಇಬ್ಬರಿಗೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ.

ದಳವಾಯಿ ಅವರ ಮುಖವನ್ನು ಆಗ ನೋಡಿದ. ಅವನ ಕಣ್ಣಲ್ಲಿ ನೆನಪು ಬಂದದ್ದು ಮಾಸ್ತರರಿಗೆ ಕಾಣಿಸಿತು. ಸಿಟ್ಟು ಬರಲಿಲ್ಲ ಅವನಿಗೆ, ನಾಚಿಕೆಯೂ ಬರಲಿಲ್ಲ. ಶಾಲಿನ ಅಂಚನ್ನು ಸರಿಮಾಡುತ್ತ, ಸಮಾಧಾನ ಹೇಳುವವನ ಹಾಗೆ, "ಅದು ಮುಗದ ಹೋತಲ್ರೀ. ಸರ್ಕಾರನಽ ನೋಡಿ ತೀರ್ಮಾನ ಕೊಟ್ಟೈತಿ" ಎಂದು ಮುಂದಿನವರ ಕಡೆ ತಿರುಗಿದ.

ಮಾಸ್ತರರು ಬಂದು ಪೆಟಗಿಯ ಹಿಂದೆ ಕೂತರು. ಪರದೆಯ ಮರೆಯಿಂದ ಕಸ್ತೂರೆವ್ವ ಎಲ್ಲ ನೋಡಿದ್ದಳು. ಮುದಿ ತಾಯಿಯ ಪಾತ್ರಕ್ಕೆ ಬಣ್ಣ ಹಚ್ಚಿಕೊಂಡಿದ್ದವಳು ಕೆಳಗಿಳಿದು ಬಂದು, ಗಂಡನ ಹೆಗಲ ಮೇಲಿನ ಶಾಲನ್ನು ತೆಗೆದು ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

"ಏನಂದ?" ಎಂದಳು.

"ಮುಗದ ಹೋಗೇತಂತ."

"ಸುರುನಽ ಆಗಿಲ್ಲಲ್ಲ."

ಮಾಸ್ತರರು ಕಾಲಿನಿಂದ ತಿದಿ ಒತ್ತಿದರು. ಮೊದಲ ಅಂಕದ ಹಾಡಿಗೆ ಹೊತ್ತಾಗಿತ್ತು. ದಳವಾಯಿ ಮುಂದಿನ ಸಾಲಿನಲ್ಲಿ ಕೂತು ಎರಡು ಅಂಕ ನೋಡಿದ, ಚೆನ್ನಾಗಿ ನಕ್ಕ, ಆಮೇಲೆ ಜೀಪು ಬಂತೆಂದು ಎದ್ದು ಹೋದ.

ಆ ಕ್ಯಾಂಪಿನ ನಂತರ ಇನ್ನೆರಡು ವರ್ಷ ನುಡಿಸಿ ಮಾಸ್ತರರು ಕಂಪನಿ ಬಿಟ್ಟರು. ಹೊಸ ಹಾಡುಗಳ ವೇಗಕ್ಕೆ ಒಂದು ಕೈ ಸಾಲುತ್ತಿರಲಿಲ್ಲ. ಈಗ ಗಂಡ ಹೆಂಡತಿ ಕಸ್ತೂರೆವ್ವನ ತವರಿನ ಕಡೆಯ ಊರೊಂದರಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಸಂಜೆ ನಾಲ್ಕಾರು ಹೆಣ್ಣುಮಕ್ಕಳು ಸರಳೆ ಕಲಿಯಲು ಬರುತ್ತಾರೆ. ಹೊಸಗೇರಿಯ ಸಂತೆಗೆ ಹೋದಾಗ ನದಾಫರು ಸಿಕ್ಕರೆ ಹೊಸ ಕಾನೂನಿನ ಮಾತು ಹೇಳುತ್ತಾರೆ. ಇಂತಿಷ್ಟು ದಿನದೊಳಗೆ ಸರ್ಕಾರ ಉತ್ತರ ಕೊಡದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು ಈಗ ಬರೆದಿದ್ದಾರಂತೆ.

"ನಮಗ ಆ ಕಾಲಕ್ಕ ಇದ್ದಿದ್ರ ಆಗ್ತಿತ್ತೇನ್ರಿ?" ಎಂದು ಮಾಸ್ತರರು ಒಮ್ಮೆ ಕೇಳಿದರು.

ನದಾಫರು ಯೋಚಿಸಿದರು. "ಅದು ಕೇಂದ್ರದ ಕಾಯ್ದೆ ಮಾತು ಮಾಸ್ತರ. ನಮ್ಮ ಪೊಲೀಸ್ ಕಾಯ್ದೆದ ಕಲಮು ಹಂಗಽ ಐತಿ."

ಮಾಸ್ತರರು ಹೌದೇನ್ರಿ ಎಂದು, ಕೊತ್ತಂಬರಿ ಸಿವುಡನ್ನು ಎಡಗೈಗೆ ಬದಲಿಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.